ವೋಟು ಹಾಕುವವರು ಒಬ್ಬರು, ವಿಡಿಯೋ ಹುಡುಕುವವರು ಇನ್ನೊಬ್ಬರು

"ಸರ್, ಯಾವ ವಿಡಿಯೋ ಓಡುತ್ತೆ ಅಂತ ಪೋಲ್ ಹಾಕಿ ಮೊದಲೇ ಕಂಡುಹಿಡೀಬಹುದಾ? ಇಲ್ಲ, ಕಾಮೆಂಟ್ ನೋಡ್ಕೊಂಡು ಮಾಡೋದೇ ವಾಸಿನಾ?"

ಎರಡೂ ಬೇಕು. ಆದರೆ ಎರಡರ ಕೆಲಸ ಬೇರೆ ಬೇರೆ. ಕಾಮೆಂಟಿನ ಕೆಲಸವನ್ನು ಪೋಲ್‌ಗೆ ಕೊಟ್ಟರೆ ಅದು ನಿಮಗೆ ಸುಳ್ಳು ಹೇಳುತ್ತದೆ.

ಈ "ಓಡುತ್ತೆ" ಎಂಬ ಮಾತು ಕೇಳಿದರೆ ನನಗೆ ರೇಗುತ್ತದೆ. ಎಲ್ಲಿ ಓಡಬೇಕು, ಎಷ್ಟು ದಿನ ಓಡಬೇಕು, ಯಾರ ಹತ್ತಿರ ಓಡಬೇಕು? ಅದನ್ನು ಯಾರೂ ಹೇಳುವುದಿಲ್ಲ. ಒಂದು ನಿಶ್ಚಿತಾರ್ಥದ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹುಡುಗನೊಬ್ಬ ಮೊಬೈಲ್ ಚಾಚಿದ. "ಅಣ್ಣಾ, ನೋಡಿ, ಎಪ್ಪತ್ತು ಪರ್ಸೆಂಟ್ ಜನ ಈ ವಿಡಿಯೋ ಬೇಕು ಅಂದ್ರು. ಮಾಡಿ ಹಾಕಿದೆ. ವೋಟ್ ಹಾಕಿದಷ್ಟು ಜನಾನೂ ನೋಡಿಲ್ಲ." ಅನ್ನ ಬಡಿಸುವವರು ಬಂದು ನಿಂತಿದ್ದಾರೆ, ಅವನು ಮಾತ್ರ ಸ್ಕ್ರೀನ್‌ಶಾಟ್ ತೋರಿಸುತ್ತಲೇ ಇದ್ದಾನೆ. ಅವನ ಪೋಲ್‌ನ ಪ್ರಶ್ನೆ ಇಷ್ಟೇ: "ಮುಂದಿನ ವಿಡಿಯೋ ಯಾವುದು ಬೇಕು?" ಎಡವಟ್ಟು ಇರುವುದು ಆ ಪ್ರಶ್ನೆಯಲ್ಲೇ.

ಯಾಕೆ ಅಂತ ನನ್ನ ಚಾನೆಲ್‌ನ ಉದಾಹರಣೆಯಲ್ಲೇ ಹೇಳುತ್ತೇನೆ. ನಾನು ಜಮೀನಿನ ದಾಖಲೆಗಳ ಬಗ್ಗೆ ಮಾತಾಡುವವನು. ಪಹಣಿ, ಪೋಡಿ, 11ಇ ನಕ್ಷೆ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ, ಇಂಥವು. ನಾನೂ ಒಮ್ಮೆ ನಾಲ್ಕು ವಿಷಯ ಕೊಟ್ಟು ಪೋಲ್ ಹಾಕಿದ್ದೆ. "ಜಮೀನು ಕೊಳ್ಳುವ ಮುನ್ನ ನೋಡಬೇಕಾದ ದಾಖಲೆಗಳು" ಸಲೀಸಾಗಿ ಗೆದ್ದಿತು. "ಮರಣ ಪ್ರಮಾಣಪತ್ರ ಇಲ್ಲದಿದ್ದರೆ ಪೌತಿ ಖಾತೆ ಹೇಗೆ" ಎಂಬುದು ಕೊನೆಗೆ ಬಂತು. ನಾನು ಮೊದಲು ಮಾಡಿದ್ದು ಕೊನೆಗೆ ಬಂದದ್ದನ್ನೇ. ಹಟಕ್ಕೆ ಬಿದ್ದು ಮಾಡಿದ್ದಲ್ಲ, ಕಾಮೆಂಟು ಓದಿಯೇ ಮಾಡಿದ್ದು.

ಜಮೀನು ಕೊಳ್ಳುವ ಆಸೆ ಎಲ್ಲರಿಗೂ ಇದೆ. ಇವತ್ತಲ್ಲದಿದ್ದರೆ ಮುಂದೊಂದು ದಿನ. ಹಾಗಾಗಿ ಎಲ್ಲರೂ ಅದನ್ನು ಒತ್ತುತ್ತಾರೆ. ಒತ್ತುವುದಕ್ಕೆ ಖರ್ಚಿಲ್ಲ. ಆದರೆ ಅಜ್ಜನ ಹೆಸರಲ್ಲೇ ಪಹಣಿ ಉಳಿದಿದೆ, ಅಜ್ಜ ತೀರಿಕೊಂಡದ್ದು ಎಲ್ಲೂ ನೋಂದಣಿ ಆಗಿಲ್ಲ ಎಂಬ ಕಷ್ಟ ಇರುವವರು ನನ್ನ ಚಂದಾದಾರರಲ್ಲಿ ಕೆಲವರು ಮಾತ್ರ. ಆ ಕಷ್ಟ ಇರುವ ಉಳಿದವರು ಇನ್ನೂ ನನ್ನ ಚಾನೆಲ್ಲಿಗೆ ಬಂದೇ ಇಲ್ಲ. ಈ ಕೆಲಸ ಒಂದು ಮನೆಗೆ ಬರುವುದೇ ತಲೆಮಾರಿಗೊಮ್ಮೆ. ಬಂದ ದಿನ ಅವರು ಯೂಟ್ಯೂಬಿನಲ್ಲಿ ಹುಡುಕುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಪೋಲ್ ತಲುಪುವುದು ಹೆಚ್ಚಾಗಿ ಈಗಾಗಲೇ ನಮ್ಮನ್ನು ನೋಡುತ್ತಿರುವವರಿಗೆ. ಬದುಕಿನಲ್ಲಿ ಒಮ್ಮೆ ಬರುವ ಸಮಸ್ಯೆ ಅಲ್ಲಿ ಗೆಲ್ಲುವುದು ಕಷ್ಟ. ಅದನ್ನು ಗೆಲ್ಲಿಸುವವರು ಮತದಾರರ ಪಟ್ಟಿಯಲ್ಲೇ ಇಲ್ಲ.

ಇನ್ನೊಂದು ವಿಷಯ. ಯೂಟ್ಯೂಬ್ ಪೋಲ್‌ನಲ್ಲಿ ವೋಟು ಹಾಕಿದ ಮೇಲಷ್ಟೇ ಯಾವುದಕ್ಕೆ ಎಷ್ಟು ಅಂತ ಕಾಣುತ್ತದೆ. ಫಲಿತಾಂಶ ನೋಡುವ ಕುತೂಹಲಕ್ಕೆ ಯಾವುದೋ ಒಂದನ್ನು ಒತ್ತುವವರು ಬೇಕಾದಷ್ಟು ಜನ. ಅದಕ್ಕೇ ನನ್ನ ಪೋಲ್‌ನಲ್ಲಿ "ಇದು ನನಗೆ ಸಂಬಂಧಿಸಿದ್ದಲ್ಲ" ಎಂಬ ಆಯ್ಕೆ ಯಾವಾಗಲೂ ಇರುತ್ತದೆ. ಇರುವುದೇ ಐದು ಆಯ್ಕೆ, ಅದರಲ್ಲಿ ಒಂದು ಹೋಗುತ್ತೆ ಅಲ್ವಾ ಅಂತ ಕೇಳುತ್ತಾರೆ. ಹೋಗಲಿ. ಕುತೂಹಲದ ವೋಟು ಬೇರೆ ನಾಲ್ಕರ ಮೇಲೆ ಬೀಳುವುದಕ್ಕಿಂತ ಇದು ಮೇಲು.

ಈಗ ಕಾಮೆಂಟಿಗೆ ಬರೋಣ. ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರಶ್ನೆ ಇರುವ ಕಾಮೆಂಟುಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಅದನ್ನೊಂದೇ ನಂಬಬೇಡಿ. ನಮ್ಮ ಜನ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳುವುದು ಕಡಿಮೆ. "ಸರ್ ನಮ್ಮ ತಾತ ಸತ್ತು 40 ವರ್ಷ ಆಯ್ತು ಸರ್ಟಿಫಿಕೇಟ್ ಇಲ್ಲ ದಯವಿಟ್ಟು ತಿಳಿಸಿ" ಅಂತ ಬರೆಯುತ್ತಾರೆ. ಒಂದೇ ಪದ ಹುಡುಕಿದರೂ ಸಾಲದು. ಒಬ್ಬರು "ಮರಣ ಪತ್ರ" ಅನ್ನುತ್ತಾರೆ, ಇನ್ನೊಬ್ಬರು "ಡೆತ್ ಸರ್ಟಿಫಿಕೇಟ್" ಅನ್ನುತ್ತಾರೆ, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ `marana pramana patra` ಅಂತ ಟೈಪ್ ಮಾಡುತ್ತಾರೆ. ಕೇಳುತ್ತಿರುವುದು ಒಂದೇ. ಎಲ್ಲ ಬಗೆಯಲ್ಲೂ ಹುಡುಕದಿದ್ದರೆ ಬೇಡಿಕೆ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ನಾನು ಒಂದು ಶೀಟ್ ಇಟ್ಟಿದ್ದೇನೆ. ಪ್ರಶ್ನೆಯನ್ನು ಅವರ ಮಾತಿನಲ್ಲೇ ಹಾಕುತ್ತೇನೆ. ಪಕ್ಕದಲ್ಲಿ ಅವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಬರೆಯುತ್ತೇನೆ. ಯಾವ ವಿಡಿಯೋ ಕೆಳಗೆ ಕೇಳಿದರು, ಯಾವ ತಾರೀಕು ಅನ್ನುವುದೂ ಇರುತ್ತದೆ. ಎಣಿಸುವುದು ಕಾಮೆಂಟನ್ನಲ್ಲ, ಜನರನ್ನು. ಅವಸರದಲ್ಲಿರುವವರು ಒಂದೇ ಪ್ರಶ್ನೆಯನ್ನು ಐದು ವಿಡಿಯೋ ಕೆಳಗೆ ಹಾಕಿರುತ್ತಾರೆ. ಆದರೆ ಒಂದು ಪ್ರಶ್ನೆಯ ಕೆಳಗೆ "ನಮ್ದೂ ಇದೇ ಕಥೆ ಸರ್" ಅಂತ ಬೇರೆ ಬೇರೆಯವರು ಬರೆದಿದ್ದರೆ ಅದಕ್ಕೆ ತೂಕ ಜಾಸ್ತಿ. ಅವರು ಇನ್ನೊಬ್ಬರ ಕಷ್ಟ ಪೂರ್ತಿ ಓದಿ, ತಮ್ಮದೂ ಅದೇ ಅಂತ ಗುರುತಿಸಿದ್ದಾರೆ.

ತಾರೀಕು ಯಾಕೆ ಬೇಕು ಅಂದರೆ, ಸುದ್ದಿಯಿಂದ ಎದ್ದ ಪ್ರಶ್ನೆ ಬೇರೆ, ಯಾವಾಗಲೂ ಇರುವ ಪ್ರಶ್ನೆ ಬೇರೆ. 2025ರಲ್ಲಿ, ಅಧಿಕಾರಿಗಳೇ ಊರಿಗೆ ಬಂದು ಪೌತಿ ಖಾತೆ ಮಾಡಿಕೊಡುವ ಇ-ಪೌತಿ ಆಂದೋಲನದ ಮಾತು ಬಂದಾಗ "ನಮ್ಮೂರಿಗೆ ಯಾವಾಗ ಬರ್ತಾರೆ" ಅಂತ ಒಟ್ಟಿಗೇ ಕೇಳತೊಡಗಿದರು. ಅಂಥದಕ್ಕೆ ಆ ವಾರವೇ ಉತ್ತರ ಕೊಡಬೇಕು, ಒಂದು ಪೋಸ್ಟ್ ಸಾಕು. ಮರಣ ಪ್ರಮಾಣಪತ್ರದ ಪ್ರಶ್ನೆ ಹಾಗಲ್ಲ. ಅದು ತಿಂಗಳು ತಿಂಗಳೂ ಬರುತ್ತಲೇ ಇತ್ತು.

ಶೀಟ್ ತುಂಬಿದ ಮೇಲೆ ಜರಡಿ ಹಿಡಿಯಬೇಕು. ಕೆಲವರು ಕೇಳಿದ್ದಕ್ಕೆ ಉತ್ತರ ಹಳೆಯ ವಿಡಿಯೋದಲ್ಲೇ ಇರುತ್ತದೆ. ಅದಕ್ಕೆ ಹೊಸ ವಿಡಿಯೋ ಬೇಡ. ನೋಡುವವರು ಎಲ್ಲಿಯವರೆಗೆ ಉಳಿದರು ಅಂತ ತೋರಿಸುವ, ಆ ವಿಡಿಯೋದ ರಿಟೆನ್ಷನ್ ಗ್ರಾಫ್ ನೋಡಿ, ಉತ್ತರ ಬರುವ ಮೊದಲೇ ಗೆರೆ ಬಿದ್ದುಹೋಗಿರುತ್ತದೆ. ಎಷ್ಟನೇ ನಿಮಿಷ ಅಂತ ಬರೆದು ಕಾಮೆಂಟ್ ಪಿನ್ ಮಾಡಿದರೆ ಮುಗಿಯಿತು. ಇನ್ನು ಕೆಲವಕ್ಕೆ ವಿಡಿಯೋ ಉತ್ತರವೇ ಅಲ್ಲ. "ಅಣ್ಣ ಸಹಿ ಹಾಕುತ್ತಿಲ್ಲ, ಏನು ಮಾಡಲಿ" ಅಂದವರಿಗೆ ವಕೀಲರು ಬೇಕು.

ಉಳಿದದ್ದರಲ್ಲಿ ನನಗೆ ಸಿಕ್ಕ ಗಂಟು ಇದು. ಸಾವು ನೋಂದಣಿಯಾಗದೆ ಒಂದು ವರ್ಷ ದಾಟಿದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಯಾವ ಮ್ಯಾಜಿಸ್ಟ್ರೇಟ್ ಎಂಬುದನ್ನು 2023ರ ತಿದ್ದುಪಡಿ ಬದಲಿಸಿತು. ಜನಕ್ಕೆ ಕಾಯ್ದೆಯ ಹೆಸರು ಬೇಕಿರಲಿಲ್ಲ. "ಕೋರ್ಟಿಗೆ ಹೋಗಬೇಕಾ, ತಾಲ್ಲೂಕು ಆಫೀಸಿಗಾ?" ಇಷ್ಟೇ ಬೇಕಿತ್ತು. ಹಳೆಯ ಪೌತಿ ಖಾತೆ ವಿಡಿಯೋಗೆ ಜನ ಯಾವ ಪದ ಹುಡುಕಿ ಬಂದಿದ್ದಾರೆ ಅಂತ ಅನಾಲಿಟಿಕ್ಸ್‌ನಲ್ಲಿ ತೆಗೆದು ನೋಡಿದೆ. ಅಲ್ಲೂ ಅದೇ ಮಾತು ಇತ್ತು. ಕಾಮೆಂಟಿನ ಮಾತೂ ಹುಡುಕಾಟದ ಮಾತೂ ಹೊಂದಿಕೊಂಡರೆ ಮಾತ್ರ ನಾನು ಕ್ಯಾಮೆರಾ ಆನ್ ಮಾಡುವುದು. ಆ ವಿಡಿಯೋ ಮೊದಲ ವಾರ ಮಂಕಾಗಿತ್ತು. ಪೋಲ್‌ನಲ್ಲಿ ಗೆದ್ದದ್ದನ್ನು ಆಮೇಲೆ ಮಾಡಿದಾಗ ಮೊದಲ ವಾರ ಜೋರಾಗಿತ್ತು. ಕೆಲವು ತಿಂಗಳು ಕಳೆದು ನೋಡಿದರೆ ಜಾಗ ಅದಲುಬದಲು. ಹಾಗಾಗಿ ಮೊದಲ ಎರಡು ದಿನದ ಲೆಕ್ಕ ಹಿಡಿದು "ಓಡಲಿಲ್ಲ" ಅಂತ ನನ್ನ ಹತ್ತಿರ ಬರಬೇಡಿ.

ಇಷ್ಟು ಹೇಳಿದ ಮೇಲೆ ಎಲ್ಲರೂ, "ಹಾಗಾದ್ರೆ ಪೋಲ್ ದಂಡ" ಅಂತ ತೀರ್ಮಾನಿಸುತ್ತಾರೆ. ಒಬ್ಬರಾದರೂ, ಕಾಮೆಂಟ್ ಹಾಕಲು ಆಗದವರ ಪ್ರಶ್ನೆ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ಶೀಟಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ವಂಶವೃಕ್ಷದಲ್ಲಿ ಮದುವೆಯಾದ ತಂಗಿ ಹೆಸರು ಹಾಕಲೇಬೇಕಾ ಸರ್?" ಕೇಳುವುದು ಅಣ್ಣ. ತಂಗಿ ಕೇಳುವುದಿಲ್ಲ. ಕಾಮೆಂಟಿಗೆ ಹೆಸರು ಅಂಟಿಕೊಂಡಿರುತ್ತದೆ. ತವರಿನವರು ಓದುತ್ತಾರೆ. ನನ್ನ ಹೆಸರು ಬಿಟ್ಟಿದ್ದಾರೆ ಅಂತ ಅವಳು ಅಲ್ಲಿ ಬರೆಯುತ್ತಾಳಾ? ಶೀಟ್ ಎಣಿಸಿಕೊಂಡು ಕೂತರೆ ನಾನು ಮಾಡಬೇಕಾದದ್ದು ಅಣ್ಣಂದಿರ ವಿಡಿಯೋ. ಅದನ್ನು ನಾನು ಮಾಡುವವನಲ್ಲ.

ಪೋಲ್ ಬೇಕಾಗುವುದು ಇಲ್ಲಿ. ಯಾರು ಯಾವುದಕ್ಕೆ ಒತ್ತಿದರು ಅಂತ ಪೋಲ್ ಹಾಕಿದ ನನಗೂ ಕಾಣುವುದಿಲ್ಲ. ಹೆಸರು ಹೊರಗೆ ಬರುವುದಿಲ್ಲ ಎಂಬುದನ್ನು ಪೋಸ್ಟಿನಲ್ಲೇ ಬರೆದು, "ತವರಿನ ಜಮೀನಿನ ವಂಶವೃಕ್ಷದಲ್ಲಿ ನಿಮ್ಮ ಹೆಸರು ಇದೆಯಾ?" ಅಂತ ಕೇಳಿದೆ. ಆಯ್ಕೆಗಳು: ಇದೆ. ಇಲ್ಲ. ಇದೆಯೋ ಇಲ್ಲವೋ ಗೊತ್ತಿಲ್ಲ. ಹಕ್ಕು ಬಿಟ್ಟುಕೊಡಿ ಅಂತ ಸಹಿ ಕೇಳುತ್ತಿದ್ದಾರೆ. ನನಗೆ ಸಂಬಂಧಿಸಿದ್ದಲ್ಲ. ಯಾವ ವಿಡಿಯೋ ಬೇಕು ಅಂತ ಕೇಳಲೇ ಇಲ್ಲ, ಎಲ್ಲಿ ನಿಂತಿದ್ದೀರಿ ಅಂತ ಕೇಳಿದೆ. ಕೊನೆಯ ಆಯ್ಕೆಗೆ ಬಿದ್ದದ್ದನ್ನು ಬದಿಗಿಟ್ಟು ಉಳಿದದ್ದನ್ನು ಮಾತ್ರ ಹೋಲಿಸಿದೆ. "ಗೊತ್ತಿಲ್ಲ" ಎಂಬುದು ಮುಂದಿತ್ತು. ಕಾಮೆಂಟುಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಕಾನೂನು ಹೇಳುವ ವಿಡಿಯೋ ಮಾಡಬೇಕು ಅಂದುಕೊಂಡಿದ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟದ್ದು, ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಇದೆಲ್ಲ. ಪೋಲ್ ನೋಡಿದ ಮೇಲೆ ಕ್ರಮ ಬದಲಾಯಿತು. ಮೊದಲು ಬೇಕಾದದ್ದು ತಿಳಿದುಕೊಳ್ಳುವ ದಾರಿ. ಊರು, ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಬಹುದು. ಜಮೀನು ಈಗ ಯಾರ ಹೆಸರಲ್ಲಿದೆ ಅಂತ ಮನೆಯಲ್ಲಿ ಯಾರನ್ನೂ ಕೇಳದೆ ತಿಳಿಯುತ್ತದೆ. ವಿಡಿಯೋ ಅಲ್ಲಿಂದ ಶುರುವಾಯಿತು, ಕಾನೂನು ಆಮೇಲೆ ಬಂತು. ಹೆಸರೂ ಹಾಗೇ ಇಟ್ಟೆ: "ತವರಿನ ಜಮೀನು ಈಗ ಯಾರ ಹೆಸರಲ್ಲಿದೆ? ಮೊಬೈಲ್‌ನಲ್ಲೇ ನೋಡಿ."

ಅದರ ಕೆಳಗೆ ಕಾಮೆಂಟುಗಳು ಈಗಲೂ ಕಡಿಮೆ. ನೋಡುವವರು ಮಾತ್ರ ಕಡಿಮೆಯಾಗಿಲ್ಲ. ಅದನ್ನು ನೋಡಿದವರಲ್ಲಿ ಹೆಂಗಸರ ಪಾಲು ನನ್ನ ಬೇರೆ ವಿಡಿಯೋಗಳಿಗಿಂತ ಜಾಸ್ತಿ ಅಂತ ಅನಾಲಿಟಿಕ್ಸ್ ತೋರಿಸುತ್ತದೆ. ಆ ಊಟದ ಹುಡುಗನಿಗೂ ನಾನು ಹೇಳಿದ್ದು ಇಷ್ಟೇ: ನಿನ್ನ ಜನ ಬಾಯಿಬಿಟ್ಟು ಕೇಳುವುದನ್ನು ಕಾಮೆಂಟಿನಲ್ಲಿ ಎಣಿಸು, ಕೇಳಲಾಗದ್ದನ್ನು ಪೋಲ್‌ನಲ್ಲಿ ಕೇಳು.