ಕೀ ಕಳೆಯಿತು, ಕಾಂಟ್ಯಾಕ್ಟೂ ಸಿಗಲಿಲ್ಲ: ಆಮೇಲೆ?

9 ಮಾರ್ಚ್ 2025, ಭಾನುವಾರ

ಐಕ್ಲೌಡ್‌ನಲ್ಲಿ ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಫೋಟೊ, ನೋಟ್ಸ್, ಬ್ಯಾಕಪ್‌ಗಳನ್ನು ಬಿಚ್ಚುವ ಕೀಲಿ ಆಪಲ್ ಕೈಯಲ್ಲೂ ಉಳಿಯುವುದಿಲ್ಲ. ಮೇಲ್, ವಿಳಾಸ ಪಟ್ಟಿ, ಕ್ಯಾಲೆಂಡರ್ ಮಾತ್ರ ಇದರಿಂದ ಹೊರಗೆ. ಅದಕ್ಕೇ ರಿಕವರಿ ಕೀ ಅಥವಾ ರಿಕವರಿ ಕಾಂಟ್ಯಾಕ್ಟ್ ಒಂದನ್ನಾದರೂ ಇಡದೆ ಫೋನ್ ಮುಂದಕ್ಕೆ ಬಿಡುವುದಿಲ್ಲ. ಎರಡೂ ಇರುವುದು `Settings` ತೆರೆದು ನಿಮ್ಮ ಹೆಸರು ಒತ್ತಿದರೆ ಸಿಗುವ `Sign-In & Security` ಒಳಗೆ.

ಕೀ ಎಂದರೆ 28 ಅಕ್ಷರ-ಅಂಕಿಗಳ ಸಾಲು. ಸ್ಕ್ರೀನ್‌ಶಾಟ್ ತೆಗೆದರೆ ಅದು ಅದೇ ಐಕ್ಲೌಡ್ ಫೋಟೊಗೆ ಹೋಗಿ ಕೂರುತ್ತದೆ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಕಾಗದದಲ್ಲಿ ಬರೆಯಿರಿ. ಖಚಿತಪಡಿಸಲು ಫೋನ್ ಮತ್ತೆ ಟೈಪ್ ಮಾಡಿಸುತ್ತದಲ್ಲ, ಆಗ ಕಾಗದ ನೋಡಿಕೊಂಡೇ ಟೈಪ್ ಮಾಡಿ. ಬರೆಯುವಾಗ ಆದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ತಾರೀಖೂ ಇರಲಿ: ಹೊಸ ಕೀ ಮಾಡಿಕೊಂಡ ಕೂಡಲೇ ಹಳೆಯದು ಸತ್ತಿತು, ಎರಡು ಚೀಟಿ ಸಿಕ್ಕಾಗ ಯಾವುದು ಜೀವಂತ ಅಂತ ಗೊತ್ತಾಗಬೇಕು.

ಕಾಂಟ್ಯಾಕ್ಟ್ ಆಗಿ 5 ಜನರವರೆಗೆ ಸೇರಿಸಬಹುದು. ಅವರಿಗೆ ನಿಮ್ಮ ಡೇಟಾ ಕಾಣುವುದಿಲ್ಲ. ಡೇಟಾ ತೆರೆಯುವ ಗುಟ್ಟಿನ ಅರ್ಧ ಭಾಗ ಅವರ ಹತ್ತಿರ, ಇನ್ನರ್ಧ ಆಪಲ್ ಹತ್ತಿರ. ಎರಡೂ ಕೂಡಿದರಷ್ಟೇ ಕೆಲಸ. ಬೇಕಾದಾಗ ಅವರ ಫೋನಿನಲ್ಲಿ 6 ಅಂಕಿಯ ಕೋಡ್ ಬರುತ್ತದೆ, ಅದನ್ನು ನಿಮಗೆ ಓದಿ ಹೇಳುತ್ತಾರೆ. ಕರೆ ಮಾಡಿ ಕೇಳಿ, ದನಿ ಗುರುತಿಸಿಯೇ ಅವರು ಹೇಳಲಿ.

ಎಡವುವುದು ಹೀಗೆ: ಗಂಡನಿಗೆ ಹೆಂಡತಿ ಕಾಂಟ್ಯಾಕ್ಟ್, ಹೆಂಡತಿಗೆ ಗಂಡ. ಇಬ್ಬರ ಕೀಯೂ ನೋಟ್ಸ್‌ನಲ್ಲಿ. ಇಬ್ಬರ ಫೋನೂ ಒಂದೇ ಬ್ಯಾಗಿನಲ್ಲಿ ಕಳುವಾದವು. ಅವಳ ಕೋಡ್ ಬೇಕೆಂದರೆ ಅವಳು ಮೊದಲು ಒಳಗೆ ಹೋಗಬೇಕು, ಅದಕ್ಕೆ ಇವನ ಕೋಡ್ ಬೇಕು. ಒಬ್ಬರಾದರೂ ಬೇರೆ ಮನೆಯವರಾಗಿರಬೇಕು ಎನ್ನುವುದು ಇದಕ್ಕೇ.

ಆದರೂ ಒಂದು ದಾರಿ ಉಳಿದಿರುತ್ತದೆ, ಹಲವರಿಗೆ ತಿಳಿಯದ್ದು. ಪಾಸ್‌ವರ್ಡ್ ನೆನಪಿದ್ದು, ಅದೇ ನಂಬರಿನ ಸಿಮ್ ಮತ್ತೆ ತೆಗೆದುಕೊಂಡು ಹೊಸ ಫೋನಿನಲ್ಲಿ ಸೈನ್ ಇನ್ ಆದರೆ, ಕಳೆದುಹೋದ ಫೋನಿನ ಪಾಸ್‌ಕೋಡ್ ಕೇಳುತ್ತದೆ. ಸರಿಯಾಗಿ ಒತ್ತಿದರೆ ಡೇಟಾ ಬರುತ್ತದೆ. ಊಹಿಸುತ್ತಾ ಕೂರಬೇಡಿ: 10 ಸಲ ತಪ್ಪಿದರೆ ಆ ಪಾಸ್‌ಕೋಡಿನಿಂದ ಬಿಚ್ಚುವ, ಸರ್ವರ್‌ನಲ್ಲಿರುವ ಕೀಲಿಯ ದಾಖಲೆಯೇ ಅಳಿಸಿಹೋಗುತ್ತದೆ. ಅದೂ ಹೋದರೆ ಮೇಲ್ ಸಿಗುತ್ತದೆ, ಫೋಟೊ ಸಿಗುವುದಿಲ್ಲ. ಸಹಾಯವಾಣಿಯವರ ಕೈಯಲ್ಲೂ ಏನಿಲ್ಲ. ರಿಕವರಿ ಕೀ ಆನ್ ಇದ್ದು ಪಾಸ್‌ವರ್ಡೂ ಮರೆತಿದ್ದರೆ ಅಕೌಂಟಿಗೇ ಬೀಗ, ಏಕೆಂದರೆ ಕೀ ಇಟ್ಟ ದಿನವೇ ಆಪಲ್‌ನ ಮಾಮೂಲಿ ರಿಕವರಿ ಬಂದ್ ಆಗಿರುತ್ತದೆ.

ಮನೆಯಲ್ಲಿ ಹಳೆಯ ಐಪ್ಯಾಡ್ ಒಂದು ಇನ್ನೂ ಸೈನ್ ಇನ್ ಆಗಿದ್ದರೆ ಅದನ್ನು ರಿಸೆಟ್ ಮಾಡಬೇಡಿ, ಸೈನ್ ಔಟ್ ಕೂಡ ಬೇಡ. ಅದರ ಪಾಸ್‌ಕೋಡ್ ಗೊತ್ತಿದ್ದರೆ ಅಲ್ಲಿಂದಲೇ ಹೊಸ ಕೀ ಮಾಡಿಕೊಳ್ಳಬಹುದು.