ಎರಡು ರೂಪಾಯಿ ಇಳಿಸಿ ಬಂದ ಕೊಟೇಷನ್ನಿಗೆ ಬರೆದ ಉತ್ತರ

ಪೀಣ್ಯದಲ್ಲಿ ಪಂಪ್‌ಸೆಟ್ ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಪಂಪಿನ ಹೊರಕವಚದ ಕಾಸ್ಟಿಂಗ್ ನಮಗೆ ಬೆಳಗಾವಿಯ ಒಂದು ಫೌಂಡ್ರಿಯಿಂದ ಬರುತ್ತದೆ. ಒಂದೊಂದು ಕಾಸ್ಟಿಂಗ್ ಎಂಟೂವರೆ ಕಿಲೋ ತೂಗುತ್ತದೆ, ತಿಂಗಳಿಗೆ ಸುಮಾರು 600 ಬೇಕಾಗುತ್ತವೆ. ವರ್ಷದ ದರ ಒಪ್ಪಂದದಂತೆ ಕಿಲೋಗೆ 112 ರೂಪಾಯಿ. ಪ್ಯಾಕಿಂಗ್ ಮತ್ತು ನಮ್ಮ ಗೇಟಿನವರೆಗಿನ ಲಾರಿ ಬಾಡಿಗೆ ಅದರಲ್ಲೇ ಸೇರಿದ್ದವು. ತ್ರೈಮಾಸಿಕದ ನಡುವೆ ಅವರು ಎರಕದ ಕಚ್ಚಾ ಕಬ್ಬಿಣವಾದ ಪಿಗ್ ಐರನ್ ದುಬಾರಿಯಾಯಿತೆಂದು 126 ರೂಪಾಯಿಯ ಕೊಟೇಷನ್ ಕಳುಹಿಸಿದರು. ನಾವು ಒಪ್ಪದಿದ್ದಾಗ ‘ನಿಮಗೋಸ್ಕರ ಇಳಿಸಿದ್ದೇವೆ’ ಎಂಬ ಮಾತಿನೊಂದಿಗೆ 124 ರೂಪಾಯಿಯ ಪರಿಷ್ಕೃತ ಕೊಟೇಷನ್ ಬಂತು. ಇದಕ್ಕೆ ನಿರಾಕರಣೆಯ ಇಮೇಲನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಫೌಂಡ್ರಿಯ ಮಾಲೀಕರೂ ನಾನೂ ಮಾತನಾಡುವುದು ಕನ್ನಡದಲ್ಲೇ ಆದರೂ ಆ ಪತ್ರವನ್ನು ನಮ್ಮ ನಿರ್ದೇಶಕರು, ಲೆಕ್ಕಪತ್ರ ವಿಭಾಗದವರು, ಮುಂದೆ ಆಡಿಟರ್‌ಗಳು ಎಲ್ಲರೂ ಓದುತ್ತಾರೆ.

ಇಂಥ ಪತ್ರ ಬರೆಯುವಾಗ ನಾನು ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಅಂಶಗಳನ್ನು ಬರೆದುಕೊಳ್ಳುತ್ತೇನೆ. ಏಕೆ ಬೇಡ, ಎಲ್ಲಿಯವರೆಗೆ ಒಪ್ಪಬಹುದು, ಯಾವುದನ್ನು ಹೇಳಲೇಬಾರದು ಎಂಬುದು ಮೊದಲು ನನಗೇ ಸ್ಪಷ್ಟವಾಗಬೇಕು. ಅಂದು ಬರೆದ ಮೊದಲ ಸಾಲು ಹೀಗಿತ್ತು: ‘ಎರಡು ರೂಪಾಯಿ ಇಳಿದಿಲ್ಲ, ಮೂರು ರೂಪಾಯಿ ಏರಿದೆ.’ 126ರ ದರದಲ್ಲಿ ಸಾಗಣೆ ಮತ್ತು ಪ್ಯಾಕಿಂಗ್ ಸೇರಿದ್ದವು. 124ರ ಕೊಟೇಷನ್ನಿನ ಕೆಳಭಾಗದಲ್ಲಿ, ಷರತ್ತುಗಳ ಸಣ್ಣಕ್ಷರದ ನಡುವೆ, ‘ಎಕ್ಸ್ ವರ್ಕ್ಸ್, ಪ್ಯಾಕಿಂಗ್ ಮತ್ತು ಫಾರ್ವರ್ಡಿಂಗ್ ಶೇ. 2 ಪ್ರತ್ಯೇಕ’ ಎಂದಿತ್ತು. ಎಕ್ಸ್ ವರ್ಕ್ಸ್ ಎಂದರೆ ಅವರ ಫೌಂಡ್ರಿಯ ಗೇಟಿನಲ್ಲಿನ ದರ, ಸಾಗಣೆಯ ಖರ್ಚು ನಮ್ಮದು. ಬೆಳಗಾವಿಯಿಂದ ಪೀಣ್ಯಕ್ಕೆ ಲಾರಿ ಬಾಡಿಗೆ ಕಿಲೋಗೆ ಎರಡೂವರೆ ರೂಪಾಯಿ, ಪ್ಯಾಕಿಂಗಿನ ಶೇ. 2 ಎಂದರೆ ಮತ್ತೆ ಹೆಚ್ಚುಕಡಿಮೆ ಎರಡೂವರೆ ರೂಪಾಯಿ; ಮಾಲು ನಮ್ಮ ಗೇಟಿಗೆ ಬರುವಷ್ಟರಲ್ಲಿ ದರ 129ಕ್ಕೆ ಮುಟ್ಟುತ್ತದೆ. ಹಳೆಯ ದರಕ್ಕಿಂತ 17 ರೂಪಾಯಿ ಹೆಚ್ಚು, ಅಂದರೆ ತಿಂಗಳಿಗೆ 86,700 ರೂಪಾಯಿ. ಹಾಗಾಗಿ ಕೊಟೇಷನ್ ಕೈಗೆ ಬಂದಾಗ ದರದ ಕಾಲಮ್ಮಿಗಿಂತ ಮೊದಲು ಷರತ್ತುಗಳನ್ನು ಓದುವುದು ಲೇಸು.

ಎರಡನೆಯ ಅಂಶ ಪಾವತಿಯದು. 45 ದಿನಗಳ ಗಡುವನ್ನು ಅವರು 15ಕ್ಕೆ ಇಳಿಸಿದ್ದರು. ಅವರದು ನೋಂದಾಯಿತ ಸಣ್ಣ ಉದ್ಯಮ. ಅಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲವೆಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ, ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ನಮ್ಮಲ್ಲಿ ಒಪ್ಪಂದವಿತ್ತು, ಗಡುವು ತಪ್ಪದೆ ಹಣವೂ ಹೋಗುತ್ತಿತ್ತು. ಈ ಮಾತನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕಿತ್ತು.

ಮೂರನೆಯದೇ ಮುಖ್ಯ. ಪಿಗ್ ಐರನ್ ದರ ಶೇ. 5ಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ ಮುಂದಿನ ತ್ರೈಮಾಸಿಕದ ಆರಂಭದಿಂದ, ಖರೀದಿ ಬಿಲ್ಲುಗಳ ಆಧಾರದ ಮೇಲೆ, ಲೋಹದ ವೆಚ್ಚದಷ್ಟು ಮಾತ್ರ ದರ ಬದಲಿಸಬೇಕು ಎಂದು ಒಪ್ಪಂದದಲ್ಲಿದೆ. ಪಿಗ್ ಐರನ್ ಕಿಲೋಗೆ 4 ರೂಪಾಯಿ ಏರಿದ್ದು ನಿಜ. ಆದರೆ ಕುಲುಮೆಗೆ ಹಾಕುವುದು ಪಿಗ್ ಐರನ್ ಒಂದನ್ನೇ ಅಲ್ಲ. ಈ ಫೌಂಡ್ರಿಯಲ್ಲಿ ಅದರ ಪಾಲು ಶೇ. 30, ಉಕ್ಕಿನ ಸ್ಕ್ರ್ಯಾಪ್ ಶೇ. 40, ಉಳಿದದ್ದು ಹಿಂದಿನ ಎರಕದಲ್ಲಿ ಕತ್ತರಿಸಿ ತೆಗೆದ ರನ್ನರ್, ರೈಸರ್‌ಗಳು. ಪಿಗ್ ಐರನ್ನಿನ 4 ರೂಪಾಯಿಯ ಏರಿಕೆ ಕಾಸ್ಟಿಂಗಿನ ಮೇಲೆ ಬೀಳುವುದು 1 ರೂಪಾಯಿ 20 ಪೈಸೆಯಷ್ಟೆ. ಸ್ಕ್ರ್ಯಾಪ್ 3 ರೂಪಾಯಿ ಏರಿದೆಯೆಂದು ಒಪ್ಪಿಕೊಂಡರೂ ಅದರಿಂದ ಇನ್ನೊಂದು 1 ರೂಪಾಯಿ 20 ಪೈಸೆ. ಕರಗಿಸುವಾಗಿನ ನಷ್ಟ ಸೇರಿಸಿದರೆ ಒಟ್ಟು ಎರಡೂವರೆ ರೂಪಾಯಿ. ಕೇಳಿದ್ದು ಹದಿನೇಳು.

ಅಂಶಗಳನ್ನು ಬರೆದುಕೊಂಡ ಅನುಕ್ರಮದಲ್ಲೇ ಪತ್ರ ಬರೆಯಲಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮೊದಲು ಬಂದಿದ್ದ ‘ಏರಿದೆ’ ಎಂಬ ಮಾತು ಪತ್ರದ ಮೊದಲಿಗೆ ಬಂದರೆ ಆರೋಪದಂತೆ ಕೇಳಿಸುತ್ತದೆ. ಆದ್ದರಿಂದ ಮೊದಲ ವಾಕ್ಯದಲ್ಲಿ ಕೊಟೇಷನ್ನಿನ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ ಮತ್ತು ದಿನಾಂಕವನ್ನು ನಮೂದಿಸಿ, ಅದನ್ನು ಕಳುಹಿಸಿದ್ದಕ್ಕೆ ವಂದನೆ ಹೇಳಿ, ಎರಡನೆಯ ವಾಕ್ಯದಲ್ಲೇ ಇದನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲವೆಂದು ಬರೆದೆ. ‘ಅಟ್ ಪ್ರೆಸೆಂಟ್’ ಎಂಬುದನ್ನು ಸೇರಿಸಲಿಲ್ಲ, ‘ಪ್ಲೀಸ್ ರೀಕನ್ಸಿಡರ್’ ಎಂದೂ ಬರೆಯಲಿಲ್ಲ. ಮೊದಲನೆಯದು ನಾಳೆ ಒಪ್ಪಬಹುದೆಂಬ ಆಸೆ ಹುಟ್ಟಿಸುತ್ತದೆ, ಎರಡನೆಯದು 122ರ ಮತ್ತೊಂದು ಕೊಟೇಷನ್ ಕಳುಹಿಸಿ ಎಂದು ಕರೆದಂತಾಗುತ್ತದೆ. ಆಮೇಲೆ 129ರ ಲೆಕ್ಕವನ್ನು ಯಾವ ವಿಶೇಷಣವೂ ಇಲ್ಲದೆ ಮೂರು ಸಾಲಿನಲ್ಲಿ ಕೊಟ್ಟೆ.

ಹೆಚ್ಚು ಹೊತ್ತು ಹಿಡಿದದ್ದು ಬಾಕಿ ಇದ್ದ ಆರ್ಡರಿನ ಪ್ಯಾರಾ. ಹಳೆಯ ದರದ ಪರ್ಚೇಸ್ ಆರ್ಡರಿನಲ್ಲಿ ಆ ತಿಂಗಳ ಮಾಲು ಇನ್ನೂ ಬರಬೇಕಿತ್ತು. ಹೊಸ ದರದ ಇನ್‌ವಾಯ್ಸಿನೊಂದಿಗೆ ಲಾರಿ ಬಂದು, ನಮ್ಮ ಸ್ಟೋರಿನವರು ಮಾಲು ಇಳಿಸಿಕೊಂಡು, ಬಿಲ್ಲು ಪಾಸಾಗಿಬಿಟ್ಟರೆ ನಡವಳಿಕೆಯಿಂದಲೇ ಹೊಸ ದರವನ್ನು ಒಪ್ಪಿದಂತೆ ಎಂದು ಅವರು ವಾದಿಸಬಹುದು. ಇಮೇಲಿನಲ್ಲಿ ಎಷ್ಟು ಖಚಿತವಾಗಿ ನಿರಾಕರಿಸಿದ್ದರೂ ಆಗ ಅದರ ಬಲ ಕುಂದುತ್ತದೆ. ಅದಕ್ಕಾಗಿ ಜಾರಿಯಲ್ಲಿರುವ ಆರ್ಡರಿನ ಮಾಲನ್ನು ಆರ್ಡರಿನ ದರದಲ್ಲೇ ಇನ್‌ವಾಯ್ಸ್ ಮಾಡಬೇಕು, ಮಾಲು ಸ್ವೀಕರಿಸಿದ ಮಾತ್ರಕ್ಕೆ ಬೇರೆ ದರವನ್ನು ಒಪ್ಪಿದಂತಾಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು, ಸ್ಟೋರ್ ಮತ್ತು ಲೆಕ್ಕಪತ್ರ ವಿಭಾಗಗಳಿಗೂ ಪ್ರತಿ ಹಾಕಿದೆ. ಕೊನೆಯ ಪ್ಯಾರಾದಲ್ಲಿ, ಒಪ್ಪಂದದ ಷರತ್ತಿನಂತೆ ಖರೀದಿ ಬಿಲ್ಲುಗಳನ್ನು ಕಳುಹಿಸಿದರೆ ಮುಂದಿನ ತ್ರೈಮಾಸಿಕದ ದರವನ್ನು ಜೊತೆಯಾಗಿ ಕೂತು ಲೆಕ್ಕ ಹಾಕೋಣವೆಂದು ತಿಳಿಸಿದೆ. ಎರಡೂವರೆ ರೂಪಾಯಿಯ ಅಂಕಿಯನ್ನು ಬರೆಯಲಿಲ್ಲ. ನಿರಾಕರಣೆಯ ಪತ್ರದಲ್ಲಿ ನಮ್ಮ ಅಂಕಿ ಸೇರಿದರೆ ಅದು ಪ್ರತಿಪ್ರಸ್ತಾವವಾಗುತ್ತದೆ, ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ.

ನೋಟ್‌ಬುಕ್ಕಿನಲ್ಲಿದ್ದು ಪತ್ರಕ್ಕೆ ಬರದ ಇನ್ನೊಂದು ಅಂಶವೂ ಇತ್ತು: ‘ಪ್ಯಾಟರ್ನ್ ನಮ್ಮದು.’ ಅಚ್ಚಿನ ಮರಳಿನಲ್ಲಿ ಕವಚದ ಆಕಾರ ಮೂಡಿಸುವ ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್‌ಗಳನ್ನು ಮಾಡಿಸಿದ್ದು ನಮ್ಮ ಹಣದಲ್ಲಿ, ಆದರೆ ಇರುವುದು ಅವರ ಫೌಂಡ್ರಿಯಲ್ಲಿ. ಬೇರೆ ಕಡೆ ಹೋಗಬೇಕೆಂದರೆ ಅವನ್ನು ಮೊದಲು ಹೊರತರಬೇಕು, ಹೊಸ ಫೌಂಡ್ರಿಯಲ್ಲಿ ಸ್ಯಾಂಪಲ್ ಎರಕ ಹೊಯ್ಯಿಸಿ, ಅಳತೆ ನೋಡಿ, ನೀರಿನ ಒತ್ತಡದಲ್ಲಿ ಸೋರಿಕೆ ಪರೀಕ್ಷಿಸಬೇಕು. ಅಷ್ಟರವರೆಗೆ ನಮ್ಮ ಅಸೆಂಬ್ಲಿ ಲೈನ್ ಕಾಯುವುದಿಲ್ಲ. ಪ್ಯಾಟರ್ನಿನ ಮಾತೆತ್ತಿದರೆ ಅವರಿಗೆ ಅದು ಬೆದರಿಕೆ, ನಮಗೆ ನೆರವೇರಿಸಲಾಗದ ಬೆದರಿಕೆ. ಅದನ್ನು ಹೊಡೆದುಹಾಕಿದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಪತ್ರ ಕಳುಹಿಸುವ ಮೊದಲು ಮಾಲೀಕರಿಗೆ ಫೋನ್ ಮಾಡಿದೆ. ಹಿರಿಯರು, ಇಂಥ ಸುದ್ದಿ ಅವರಿಗೆ ಕಂಪ್ಯೂಟರಿನಲ್ಲಿ ಮೊದಲು ಕಾಣಬಾರದು. “ಸರ್, ಈ ಕೊಟೇಷನ್ ಒಪ್ಪೋದಕ್ಕಾಗಲ್ಲ. ಮೇಲ್ ಕಳಿಸ್ತಿದ್ದೀನಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ” ಎಂದೆ. “ಬ್ಯಾಸರ ಯಾಕ್ರಿ ಮೇಡಮ್, ವ್ಯವಹಾರ ಐತಿ. ಆದ್ರ ಕರೆಂಟ್ ಬಿಲ್ಲೂ ಏರೇತ್ರಿ, ಅದನ್ನೂ ಸ್ವಲ್ಪ ನೋಡ್ರಿ” ಎಂದರು. ವಿದ್ಯುತ್ ಒಪ್ಪಂದದ ಷರತ್ತಿನಲ್ಲಿ ಇಲ್ಲವೆಂದೂ, ವರ್ಷದ ಕೊನೆಗೆ ಒಪ್ಪಂದ ನವೀಕರಿಸುವಾಗ ಅದನ್ನು ಚರ್ಚೆಗೆ ತರಬಹುದೆಂದೂ ಹೇಳಿದೆ. ಅವರ ಮಾತು ನ್ಯಾಯವಾದದ್ದೇ. ಇಂಡಕ್ಷನ್ ಕುಲುಮೆಗೆ ಕರೆಂಟೂ ದೊಡ್ಡ ಖರ್ಚೇ.

ಬಾಕಿ ಮಾಲು 112ರ ದರದಲ್ಲೇ ಬಂತು. ಅವರು ಕಳುಹಿಸಿದ ಬಿಲ್ಲುಗಳಲ್ಲಿ ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಎರಡರ ಏರಿಕೆಯೂ ನಮ್ಮ ಅಂದಾಜಿಗೆ ಸರಿಹೊಂದಿತು. ಪ್ಯಾಕಿಂಗ್, ಸಾಗಣೆ, 45 ದಿನಗಳ ಪಾವತಿ ಮೊದಲಿನಂತೆಯೇ ಉಳಿದು, ಹೊಸ ತ್ರೈಮಾಸಿಕದ ಮೊದಲ ದಿನದಿಂದ ಕಿಲೋಗೆ 114 ರೂಪಾಯಿ 50 ಪೈಸೆಯಂತೆ ಆರ್ಡರಿಗೆ ತಿದ್ದುಪಡಿ ಹೊರಡಿಸಿದೆವು.