ಕೆಂಪೋ ನೀಲಿಯೋ: ಅರ್ಧ ಶ್ಲೋಕ ನುಂಗಿದ ಮೂರು ವಾರ

212ನೇ ಚೀಟಿಗೆ ಕೊನೆಗೂ ಬಣ್ಣ ಬಿತ್ತು. ಒಂದಲ್ಲ, ಎರಡು.

ನನ್ನ ಚಟ ನಿಮಗೆ ಗೊತ್ತೇ ಇದೆ. ಲಗ್ನಪತ್ರಿಕೆ, ಶಾಲೆಯ ಗೋಡೆ, ಲಾರಿಯ ಹಿಂಬದಿ, ಎಲ್ಲೇ ಶ್ಲೋಕ ಕಂಡರೂ ಗೀಚಿಕೊಂಡು ಬಂದು ಮೂಲ ಹುಡುಕಿ ರಟ್ಟಿನ ಚೀಟಿಗೆ ಏರಿಸುವುದು. ಶ್ರುತಿ, ಅಂದರೆ ವೇದ-ಉಪನಿಷತ್ತಿನದಾದರೆ ಕೆಂಪು ಗೆರೆ, ಸ್ಮೃತಿ, ಅಂದರೆ ಋಷಿಗಳು ನೆನಪಿನಿಂದ ಹೇಳಿದ್ದಾದರೆ ನೀಲಿ. 'ಮಾತೃದೇವೋ ಭವ' ತೈತ್ತಿರೀಯ ಉಪನಿಷತ್ತಿನದು, ಕೆಂಪು. 'ಯತ್ರ ನಾರ್ಯಸ್ತು ಪೂಜ್ಯಂತೇ' ಮನುಸ್ಮೃತಿ 3.56, ನೀಲಿ, ಅದರಡಿ 'ವೇದವಾಣಿ' ಅಂತ ಅಚ್ಚಾಗಿದ್ದರೂ ನೀಲಿಯೇ. ಈ ಸಲದ ಕೆಂಪು ಪೆನ್ನು ಮಾತ್ರ ರಟ್ಟಿನ ಮೇಲೆ ಹರಡಿ ಕುಂಕುಮ ಚೆಲ್ಲಿದ ಹಾಗಾಗಿದೆ. ಅಂಗಡಿಯವರಿಗೆ ತೋರಿಸಿದರೆ "ರಟ್ಟೇ ಸರಿಯಿಲ್ಲ ಸಾರ್" ಅಂದರು. ರಟ್ಟು ಕೊಟ್ಟವರೂ ಅವರೇ.

ಕಾಟ ಕೊಟ್ಟದ್ದು ಒಂದು ವೈಕುಂಠ ಸಮಾರಾಧನೆಯ ಕಾರ್ಡು. ಅದರ ನೆತ್ತಿಯ ಮೇಲೆ ಇದ್ದದ್ದು ಇಷ್ಟೇ:

ಅಜೋ ನಿತ್ಯಃ ಶಾಶ್ವತೋಽಯಂ ಪುರಾಣೋ
ನ ಹನ್ಯತೇ ಹನ್ಯಮಾನೇ ಶರೀರೇ

ಗೀತೆ 2.20 ಅಂದುಕೊಂಡು ನೀಲಿ ಎಳೆದೆ. ಅದೇ ರಾತ್ರಿ ಬೇರೇನೋ ಹುಡುಕುತ್ತಾ ಕಠೋಪನಿಷತ್ತು ತೆರೆದರೆ 1.2.18ರಲ್ಲಿ ಇದೇ ಎರಡು ಸಾಲು, ಅಕ್ಷರ ವ್ಯತ್ಯಾಸವಿಲ್ಲದೆ! ಅಲ್ಲಿ ಯಮ ನಚಿಕೇತನಿಗೆ ಹೇಳುತ್ತಾನೆ, ಇಲ್ಲಿ ಕೃಷ್ಣ ಅರ್ಜುನನಿಗೆ. ಗುರುತು ಸಿಗುವುದು ಮೊದಲರ್ಧದಲ್ಲಿ. ಕಠದಲ್ಲಿ 'ನ ಜಾಯತೇ ಮ್ರಿಯತೇ ವಾ ವಿಪಶ್ಚಿತ್', ಗೀತೆಯಲ್ಲಿ 'ವಿಪಶ್ಚಿತ್' ಇದ್ದ ಕಡೆ 'ಕದಾಚಿತ್'. ಕಾರ್ಡಿನವರು ಕತ್ತರಿಸಿ ಎಸೆದದ್ದು ಸರಿಯಾಗಿ ಆ ಮೊದಲರ್ಧವನ್ನೇ.

ಯಾವ ಬಣ್ಣವಾದರೇನು ಅಂತ ಮನೆಯಲ್ಲಿ ಕೇಳಿದರು. ವಾದದ ನಡುವೆ ಪ್ರಮಾಣ ಅಂತ ಎತ್ತಿ ಹೇಳುವಾಗ ವ್ಯತ್ಯಾಸ ಬೀಳುತ್ತದೆ. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರ ಲೆಕ್ಕದಲ್ಲಿ ವೇದ ಅಪೌರುಷೇಯ. ಅದು ಯಾರೂ ರಚಿಸಿದ್ದಲ್ಲವಾದ್ದರಿಂದ ಇನ್ನೊಂದರ ಆಸರೆ ಬೇಡ. ಸ್ಮೃತಿ ಋಷಿಗಳು ನೆನಪಿಟ್ಟು ಹೇಳಿದ್ದು. ಅದರ ಹಿಂದೆ ನಮ್ಮ ಕೈಗೆ ಸಿಗದ ಒಂದು ವೇದವಾಕ್ಯ ಇದ್ದಿರಲೇಬೇಕು ಎಂಬ ಊಹೆಯ ಮೇಲೆ ಅದಕ್ಕೆ ಪ್ರಾಮಾಣ್ಯ. ಸಾಲ ಪಡೆದ ಬೆಲೆ. ಎದುರಿಗೇ ಶ್ರುತಿವಾಕ್ಯ ಸಿಕ್ಕಿ ಅದು ಸ್ಮೃತಿಗೆ ವಿರುದ್ಧವಾದರೆ ಆ ಊಹೆ ನಿಲ್ಲುವುದಿಲ್ಲ ಎನ್ನುತ್ತದೆ ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿ ಸೂತ್ರ 1.3.3.

ಆ ಸೂತ್ರಗಳಿಗೆ ಭಾಷ್ಯ ಬರೆದ ಶಬರರು ಅಲ್ಲಿ ಕೊಡುವ ಉದಾಹರಣೆ ಮಜವಾಗಿದೆ. ಸೋಮಯಾಗದಲ್ಲಿ ಸದಸ್ಸು ಎಂಬ ಚಪ್ಪರದ ನಡುವೆ ಅತ್ತಿಮರದ ಕಂಬ, ಔದುಂಬರಿ. ಅದನ್ನು ಮುಟ್ಟಿಕೊಂಡು ಸಾಮ ಹಾಡಬೇಕು ಅಂತ ಶ್ರುತಿ. ಕಂಬಕ್ಕೆ ಪೂರ್ತಿ ಬಟ್ಟೆ ಸುತ್ತಬೇಕು ಅಂತ ಸ್ಮೃತಿ. ಪೂರ್ತಿ ಸುತ್ತಿದರೆ ಕೈ ತಾಗುವುದು ಬಟ್ಟೆಗೆ, ಕಂಬಕ್ಕಲ್ಲ. ಹಾಗಾಗಿ ಸ್ಮೃತಿ ಬಿತ್ತು. ಮುಂದಿನ ಸೂತ್ರದಲ್ಲಿ ಕಾರಣವೂ ಬಯಲು: ಬಟ್ಟೆಯ ಮೇಲೆ ಆಸೆಯಿದ್ದ ಯಾರೋ ಸೇರಿಸಿದ್ದಿರಬೇಕು ಅಂತೆ! ಮುಂದೆ ಬಂದ ಮೀಮಾಂಸಕ ಕುಮಾರಿಲ ಭಟ್ಟರಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ, ಅದು ಬೇರೆ ಕಥೆ. (ಅಂದಹಾಗೆ ಅತ್ತಿಯ ಒಂದು ತುಂಡು ತಂದಿಟ್ಟಿದ್ದೇನೆ. ಚೀಟಿಗಳು 250 ಮುಟ್ಟಿದ ಮೇಲೆ ಸದಸ್ಸಿನ ಪುಟ್ಟ ಮಾದರಿ ಕಟ್ಟುವ ಯೋಚನೆ. ಬಟ್ಟೆ ಸುತ್ತಲ್ಲ.)

ಮತ್ತೆ 212ಕ್ಕೆ ಬರೋಣ. ಇಲ್ಲಿ ವಿರೋಧವೇ ಇಲ್ಲ. ಮೂಲವನ್ನು ಊಹಿಸಬೇಕಾಗಿಯೂ ಇಲ್ಲ, ಕಣ್ಣೆದುರಿಗೇ ಇದೆ. ನಮ್ಮ ಬೀದಿಯ ನಿವೃತ್ತ ಸಂಸ್ಕೃತ ಮೇಷ್ಟ್ರ ಹತ್ತಿರ ಗೋಳು ತೋಡಿಕೊಂಡೆ. "ಸಾಲನ್ನ ನೋಡಬೇಡಪ್ಪ, ಅದನ್ನ ಎತ್ತಿ ಹೇಳಿದವನು ಯಾಕೆ ಎತ್ತಿದ ಅಂತ ನೋಡು" ಅಂದರು. ಮನೆಗೆ ಬಂದು ಶಂಕರರ ಬ್ರಹ್ಮಸೂತ್ರ ಭಾಷ್ಯ ತೆಗೆದೆ. 2.3.17ನೇ ಸೂತ್ರ ಜೀವನಿಗೆ ಹುಟ್ಟಿಲ್ಲ ಎನ್ನಲು ಶ್ರುತಿಯನ್ನೇ ಕರೆಯುತ್ತದೆ. ಅದರಡಿ ಅವರು ಎತ್ತಿದ್ದು 'ವಿಪಶ್ಚಿತ್' ಇರುವ ಕಠದ ಪಾಠ, ಜೊತೆಗೆ ನಮ್ಮ 'ಅಜೋ ನಿತ್ಯಃ'. ಅದೇ 1.2.6ನೇ ಸೂತ್ರ 'ಸ್ಮೃತೇಶ್ಚ', ಸ್ಮೃತಿಯಿಂದಲೂ, ಅಂದಾಗ ಅವರು ತಂದದ್ದು ಗೀತೆಯ 18.61. ಗೀತೆ ಅಲ್ಲಿ ಸ್ಮೃತಿಯ ಸಾಲಿನಲ್ಲೇ ಕೂತಿದೆ.

ಅಲ್ಲಿಗೆ ನನ್ನ ತಪ್ಪು ತಿಳಿಯಿತು. ನಾನು ಬಣ್ಣ ಬಳಿಯುತ್ತಿದ್ದದ್ದು ಪದಗಳಿಗೆ, ಬಳಿಯಬೇಕಿದ್ದದ್ದು ವಿಳಾಸಕ್ಕೆ. ಈಗ ಚೀಟಿಯಲ್ಲಿ ಎರಡು ಖಾನೆ: ಎಲ್ಲೆಲ್ಲಿದೆ, ಉದ್ಧರಿಸಿದವರು ಯಾವುದನ್ನು ಹೆಸರಿಸಿದ್ದಾರೆ. ಕಾರ್ಡಿನವರು ಯಾವುದನ್ನೂ ಹೆಸರಿಸಿಲ್ಲ, ಹಾಗಾಗಿ ಎರಡೂ ಗೆರೆ.

ಹಳೆಯ 211 ಚೀಟಿಗಳನ್ನು ಈಗ ಮತ್ತೆ ನೋಡಬೇಕು. ಮೊದಲು ಕೈಗೆ ಬಂದದ್ದೇ 'ವಸುಧೈವ ಕುಟುಂಬಕಂ'. ಮಹೋಪನಿಷತ್ತಿನಲ್ಲೂ ಇದೆ, ಹಿತೋಪದೇಶದಲ್ಲೂ ಇದೆ. ಹಿತೋಪದೇಶದಲ್ಲಿ ಈ ಮಾತಾಡುವುದು ಜಿಂಕೆಯನ್ನು ತಿನ್ನಲು ಹೊಂಚುವ ನರಿ. ನೀತಿಕಥೆ ಶ್ರುತಿಯೂ ಅಲ್ಲ, ಸ್ಮೃತಿಯೂ ಅಲ್ಲ. ಹಸಿರು ಪೆನ್ನು ಬೇಕು, ಬೇರೆ ಅಂಗಡಿಯದು.